ರೆಸ್ಯೂಮ್‌ನಲ್ಲಿ ಗಿಟ್‌ಹಬ್ ಲಿಂಕ್ ಕೊಟ್ಟರೆ ಓದುವವರು ಏನು ನೋಡುತ್ತಾರೆ?

"ಓಪನ್ ಸೋರ್ಸ್ ಕಾಂಟ್ರಿಬ್ಯೂಟರ್. ಗಿಟ್‌ಹಬ್‌ನಲ್ಲಿ ಹಲವು ಪ್ರಾಜೆಕ್ಟ್‌ಗಳಿವೆ. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್." ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳ ಹುಡುಗ ಹುಡುಗಿಯರ ರೆಸ್ಯೂಮ್ ತೆಗೆದರೆ ಈ ಮೂರು ಸಾಲು ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಸಿಗುತ್ತವೆ. ಬರೆದವರು ಸುಳ್ಳು ಹೇಳಿರುವುದಿಲ್ಲ, ಕೆಲಸವನ್ನೂ ನಿಜವಾಗಿ ಮಾಡಿರುತ್ತಾರೆ. ಆದರೆ ಏನು ಮಾಡಿದರು ಅಂತ ಈ ಸಾಲುಗಳಿಂದ ತಿಳಿಯುವುದಿಲ್ಲ. ಅದಕ್ಕೇ ನನಗೆ ಬೇಜಾರಾಗುತ್ತದೆ, ಯಾಕೆಂದರೆ ಲಿಂಕ್ ತೆರೆದು ನೋಡಿದಾಗ ಒಳಗೆ ಒಳ್ಳೆಯ ಕೆಲಸವೇ ಕೂತಿರುತ್ತದೆ.

ರೆಸ್ಯೂಮ್‌ನ ಬೇರೆ ಸಾಲುಗಳಿಗೂ ಇವಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. "ತಂಡದಲ್ಲಿ ಚೆನ್ನಾಗಿ ಕೆಲಸ ಮಾಡುತ್ತೇನೆ" ಅಂತ ಬರೆದರೆ ಅದನ್ನು ಯಾರೂ ಪರೀಕ್ಷೆ ಮಾಡಲಾರರು. ಕೋಡ್ ಹಾಗಲ್ಲ, ಒಂದು ಕ್ಲಿಕ್ ಮಾಡಿದರೆ ಎಲ್ಲ ಕಾಣುತ್ತದೆ: ಯಾರು ಬರೆದರು, ಯಾವಾಗ ಬರೆದರು, ಯಾರು ಒಪ್ಪಿದರು. ಹಾಗಾಗಿ ಮೊದಲು ಆ ಕ್ಲಿಕ್ ನೀವೇ ಮಾಡಿ. ಅಲ್ಲಿ ಏನು ಕಾಣುತ್ತದೋ ಅದನ್ನು ನೋಡಿಕೊಂಡು ಸಾಲು ಬರೆಯಿರಿ. ನಾನು ಹೇಳಬೇಕೆಂದಿರುವುದು ಇಷ್ಟೇ, ಉಳಿದದ್ದು ಇದನ್ನು ಮಾಡುವುದು ಹೇಗೆ ಅಂತ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಕೊನೆ ವರ್ಷದಲ್ಲಿ ಇರುವ ಒಬ್ಬ ಹುಡುಗಿ. ಅವಳ ಹತ್ತಿರ ಮೂರು ಸರಕು ಇವೆ: ಬೇರೆಯವರ ಪ್ರಾಜೆಕ್ಟ್‌ಗೆ ಕಳಿಸಿದ ಮೂರು ಪುಲ್ ರಿಕ್ವೆಸ್ಟ್, ನಾಲ್ಕು ಜನ ಸೇರಿ ಮಾಡಿದ ಕೊನೆ ವರ್ಷದ ಪ್ರಾಜೆಕ್ಟ್‌ನ ರೆಪೊ, ಮತ್ತು ಒಂದು ಹ್ಯಾಕಥಾನ್. ರೆಸ್ಯೂಮ್ ಇಂಗ್ಲಿಷಿನಲ್ಲೇ ಇರುತ್ತದೆ. ಇಲ್ಲಿ ಸಾಲುಗಳನ್ನು ಕನ್ನಡದಲ್ಲಿ ಬರೆದು ತೋರಿಸುತ್ತೇನೆ, ನೀವು ನಿಮ್ಮ ಇಂಗ್ಲಿಷಿಗೆ ಹೊಂದಿಸಿಕೊಳ್ಳಿ.

ಪುಲ್ ರಿಕ್ವೆಸ್ಟ್: ಮೂರರಲ್ಲಿ ಒಂದನ್ನೇ ಬರೆಯಿರಿ

ಬೇರೆಯವರ ರೆಪೊಗಳಲ್ಲಿ ನಿಮ್ಮದು ಏನೇನು ಸೇರಿದೆ ಅಂತ ನೋಡಲು ಗಿಟ್‌ಹಬ್‌ನ ಹುಡುಕು ಪೆಟ್ಟಿಗೆಯಲ್ಲಿ ಹೀಗೆ ಹಾಕಿ. `USERNAME` ಇರುವ ಕಡೆ ನಿಮ್ಮ ಹೆಸರು ಬರಬೇಕು.

```
is:pr is:merged author:USERNAME -user:USERNAME
```

ಕೊನೆಯ `-user` ನಿಮ್ಮ ಸ್ವಂತ ರೆಪೊಗಳನ್ನು ಬಿಟ್ಟು ತೋರಿಸುತ್ತದೆ. ನಿಮ್ಮ ರೆಪೊಗೆ ನೀವೇ ಪುಲ್ ರಿಕ್ವೆಸ್ಟ್ ಹಾಕಿ ನೀವೇ ಮರ್ಜ್ ಮಾಡಿದ್ದು ಕೊಡುಗೆಯ ಲೆಕ್ಕಕ್ಕೆ ಬರುವುದಿಲ್ಲ. ಬರುವ ಪಟ್ಟಿ ಚಿಕ್ಕದಿದ್ದರೂ ಪರವಾಗಿಲ್ಲ, ಇದ್ದದ್ದು ಇದು ಅಂತ ಖಚಿತವಾಗುತ್ತದೆ.

ನಮ್ಮ ಹುಡುಗಿಗೆ ಮೂರು ಸಿಕ್ಕವು. ಮೊದಲೆರಡು ಅಕ್ಟೋಬರ್ ತಿಂಗಳ ಹ್ಯಾಕ್ಟೋಬರ್‌ಫೆಸ್ಟ್ ಸಮಯದಲ್ಲಿ ಹಾಕಿದ್ದು. ಒಂದು ಪಟ್ಟಿಗೆ ತನ್ನ ಹೆಸರು ಸೇರಿಸಿದ್ದಾಳೆ, ಇನ್ನೊಂದರಲ್ಲಿ README ಕಡತದ ಒಂದು ಕಾಗುಣಿತ ತಿದ್ದಿದ್ದಾಳೆ. ಡಿಜಿಟಲ್‌ಓಷನ್ ಕಂಪನಿ 2014ರಿಂದ ನಡೆಸಿಕೊಂಡು ಬಂದಿರುವ ಈ ಕಾರ್ಯಕ್ರಮದಲ್ಲಿ ಇಷ್ಟು ಪುಲ್ ರಿಕ್ವೆಸ್ಟ್ ಕಳಿಸಿದರೆ ಟಿ-ಶರ್ಟ್ ಅಂತ ಇತ್ತು. 2020ರಲ್ಲಿ ಆ ಟಿ-ಶರ್ಟ್ ಆಸೆಗೆ ಬಂದ ಕೆಲಸಕ್ಕೆ ಬಾರದ ಪುಲ್ ರಿಕ್ವೆಸ್ಟ್‌ಗಳಿಂದ ಮೇಂಟೇನರ್‌ಗಳು ಎಷ್ಟು ಬೇಸತ್ತರೆಂದರೆ, ಒಪ್ಪಿಗೆ ಕೊಟ್ಟ ರೆಪೊಗಳಷ್ಟೇ ಲೆಕ್ಕಕ್ಕೆ ಬರಬೇಕು ಅಂತ ನಿಯಮವನ್ನೇ ಬದಲಿಸಬೇಕಾಯಿತು. ರೆಸ್ಯೂಮ್ ಓದುವ ಇಂಜಿನಿಯರ್‌ಗಳಿಗೆ ಇದು ಗೊತ್ತಿರುತ್ತದೆ. ಕಾಗುಣಿತ ತಿದ್ದುವುದು ತಪ್ಪಲ್ಲ, ಗಿಟ್ ಕಲಿಯಲು ಒಳ್ಳೆಯ ದಾರಿ. ಆದರೆ ರೆಸ್ಯೂಮ್‌ನಲ್ಲಿ ಅದರ ಮೇಲೆ ಭಾರ ಹಾಕಬೇಡಿ.

ಮೂರನೆಯದು ಬೇರೆ. ಸಿಎಸ್‌ವಿ ಕಡತದಿಂದ ಹೆಸರುಗಳನ್ನು ಓದಿಕೊಳ್ಳುವ ಒಂದು ಚಿಕ್ಕ ಪೈಥಾನ್ ಟೂಲ್ ಇತ್ತು. ಅದು ಕೆಲವು ಕಡತಗಳಿಗೆ ಸರಿಯಾಗಿ ಓಡುತ್ತಿತ್ತು, ಎಕ್ಸೆಲ್‌ನಲ್ಲಿ ಯುಟಿಎಫ್-8 ಸಿಎಸ್‌ವಿ ಅಂತ ಉಳಿಸಿದ ಕಡತ ಕೊಟ್ಟರೆ ಮಾತ್ರ ಮೊದಲ ಕಾಲಮ್ ಇಲ್ಲ ಅಂತ ಹೇಳಿ ನಿಲ್ಲುತ್ತಿತ್ತು. ಕಡತ ತೆರೆದರೆ ಕಾಲಮ್ ಕಣ್ಣ ಮುಂದೆಯೇ ಇದೆ! ಕಾರಣ ಏನೆಂದರೆ ಎಕ್ಸೆಲ್ ಇಂಥ ಕಡತದ ತಲೆಯಲ್ಲಿ ಮೂರು ಬೈಟ್ ಸೇರಿಸುತ್ತದೆ, `EF BB BF` ಅಂತ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಆದರೆ ಪೈಥಾನ್ ಅದನ್ನು ಮೊದಲ ಕಾಲಮ್‌ನ ಹೆಸರಿಗೆ ಅಂಟಿಸಿಕೊಂಡು ಓದುತ್ತದೆ. ಆಗ "ಹೆಸರು" ಅಂತ ಹುಡುಕಿದರೆ ಸಿಗುವುದಿಲ್ಲ. ಅವಳು ಬದಲಿಸಿದ್ದು ಒಂದೇ ಸಾಲು:

```
- with open(path, encoding="utf-8") as f:
+ with open(path, encoding="utf-8-sig") as f:
```

ಮೇಂಟೇನರ್ "ಇದಕ್ಕೆ ಒಂದು ಟೆಸ್ಟ್ ಸೇರಿಸಿ" ಅಂದರು. ಅವಳು ಆ ಮೂರು ಬೈಟ್ ಇರುವ ಪುಟ್ಟ ಕಡತ ಮಾಡಿ ಟೆಸ್ಟ್ ಬರೆದಳು, ಮೂರು ಬೈಟ್ ಇಲ್ಲದ ಹಳೆಯ ಕಡತಗಳೂ ಮುಂಚಿನಂತೆಯೇ ಓಡುತ್ತವೆ ಅಂತ ಇನ್ನೊಂದು ಟೆಸ್ಟ್‌ನಲ್ಲಿ ತೋರಿಸಿದಳು. ಆಮೇಲೆ ಮರ್ಜ್ ಆಯಿತು. ಈಗ ರೆಸ್ಯೂಮ್ ಸಾಲು ಹೀಗಾಗುತ್ತದೆ:

"ಸಿಎಸ್‌ವಿ ಓದುವ ಪೈಥಾನ್ ಟೂಲ್: ಎಕ್ಸೆಲ್‌ನಲ್ಲಿ ಉಳಿಸಿದ ಕಡತದ ಮೊದಲ ಕಾಲಮ್ ಸಿಗದೇ ಇದ್ದ ಬಗ್ ಸರಿಪಡಿಸಿ ಎರಡು ಟೆಸ್ಟ್ ಸೇರಿಸಿದ್ದೇನೆ. ಮರ್ಜ್ ಆಗಿದೆ, ಆವೃತ್ತಿ 2.3ರಲ್ಲಿದೆ. ಪುಲ್ ರಿಕ್ವೆಸ್ಟ್ 412."

ಯಾವ ಪ್ರಾಜೆಕ್ಟ್, ಬಳಸುವವರಿಗೆ ಏನು ತೊಂದರೆ ಇತ್ತು, ನೀವು ಏನು ಮಾಡಿದಿರಿ, ಈಗ ಯಾವ ಸ್ಥಿತಿಯಲ್ಲಿದೆ, ಎಲ್ಲ ಎರಡು ಸಾಲಿನಲ್ಲಿ ಬಂತು. ಇಲ್ಲಿ ಬದಲಾದ ಕೋಡ್ ಒಂದೇ ಸಾಲು ಅಂತ ನಾಚಿಕೊಳ್ಳುವ ಅಗತ್ಯವೇ ಇಲ್ಲ. ನನ್ನ ಮಟ್ಟಿಗೆ ಐನೂರು ಸಾಲು ಹೊಸ ಕೋಡ್‌ಗಿಂತ, ಕಾರಣ ಹುಡುಕಿ ಒಂದು ಸಾಲು ಬದಲಿಸಿದವರ ಬಗ್ಗೆಯೇ ಜಾಸ್ತಿ ತಿಳಿಯುತ್ತದೆ. ಲಿಂಕ್ ತೆರೆದವರು ಕೋಡ್ ನೋಡುವ ಮುಂಚೆ ಅಲ್ಲಿನ ಮಾತುಕತೆ ಓದುತ್ತಾರೆ. ಮೇಂಟೇನರ್ ತಕರಾರು ಹೇಳಿದಾಗ ನೀವು ಹೇಗೆ ಉತ್ತರಿಸಿದಿರಿ ಅನ್ನುವುದು ಬೇರೆ ಯಾವ ಕಾಗದದಲ್ಲೂ ಸಿಗುವುದಿಲ್ಲ, ಅಲ್ವಾ?

ಲಿಂಕ್ ಯಾವುದಕ್ಕೆ ಕೊಡಬೇಕು ಅನ್ನುವುದರಲ್ಲೇ ತುಂಬಾ ಜನ ಎಡವುತ್ತಾರೆ. ತಮ್ಮ ಫೋರ್ಕ್‌ನ ಲಿಂಕ್ ಹಾಕಿಬಿಡುತ್ತಾರೆ. ಫೋರ್ಕ್ ಅಂದರೆ ಬೇರೆಯವರ ಇಡೀ ಪ್ರಾಜೆಕ್ಟ್‌ನ ನಕಲು, ಸಾವಿರಾರು ಕಡತಗಳ ನಡುವೆ ನಿಮ್ಮ ಒಂದು ಸಾಲು ಎಲ್ಲಿದೆ ಅಂತ ಯಾರೂ ಹುಡುಕುತ್ತಾ ಕೂರುವುದಿಲ್ಲ. ಪುಲ್ ರಿಕ್ವೆಸ್ಟ್‌ನ ಪುಟಕ್ಕೇ ನೇರ ಲಿಂಕ್ ಕೊಡಿ. ಅಲ್ಲಿ ನೇರಳೆ ಬಣ್ಣದ `Merged` ಕಂಡರೆ ಸೇರಿದೆ ಅಂತ, ಹಸಿರು `Open` ಇದ್ದರೆ ಇನ್ನೂ ಕಾಯುತ್ತಿದೆ ಅಂತ, ಕೆಂಪು `Closed` ಇದ್ದರೆ ಸೇರದೆ ಮುಚ್ಚಿದೆ ಅಂತ. ಕಾಯುತ್ತಿರುವುದನ್ನೂ ಹಾಕಬಹುದು, "ಪರಿಶೀಲನೆಯಲ್ಲಿದೆ" ಅಂತ ಬರೆದು ಹಾಕಿ.

ಕೆಂಪು ಬಣ್ಣಕ್ಕೆ ಒಂದು ಅಪವಾದ ಇದೆ. ಪೈಟಾರ್ಚ್‌ನಂಥ ಕೆಲವು ಪ್ರಾಜೆಕ್ಟ್‌ಗಳು ತಮ್ಮದೇ ಬಾಟ್ ಮೂಲಕ ಕೋಡ್ ಸೇರಿಸಿಕೊಳ್ಳುತ್ತವೆ, ಆಗ ಕೋಡ್ ಒಳಗೆ ಹೋಗಿದ್ದರೂ ಗಿಟ್‌ಹಬ್ `Closed` ಅಂತಲೇ ತೋರಿಸುತ್ತದೆ. ಹಾಗಾದಾಗ ಮುಖ್ಯ ಬ್ರ್ಯಾಂಚ್‌ಗೆ ಸೇರಿದ ಕಮಿಟ್‌ನ ಲಿಂಕ್ ಕೊಡಿ. ವಿಕಿಮೀಡಿಯಾದ ಕೋಡ್ ಪರಿಶೀಲನೆ ಗೆರಿಟ್‌ನಲ್ಲಿ ನಡೆಯುತ್ತದೆ, ಫೈರ್‌ಫಾಕ್ಸ್‌ನ ಕನ್ನಡ ಅನುವಾದ ಪಾಂಟೂನ್‌ನಲ್ಲಿ ನಡೆಯುತ್ತದೆ. ಅಲ್ಲಿ ಮಾಡಿದ ಕೆಲಸಕ್ಕೆ ಅಲ್ಲಿನ ಪುಟದ ಲಿಂಕ್ ಕೊಟ್ಟರಾಯಿತು, ಗಿಟ್‌ಹಬ್‌ನಲ್ಲಿ ಕಾಣುವುದಿಲ್ಲ ಅಂತ ಬಿಟ್ಟುಬಿಡಬೇಡಿ.

ಇನ್ನು ಪ್ರೊಫೈಲ್‌ನ ಹಸಿರು ಚೌಕಗಳ ಚಿತ್ರವನ್ನು ರೆಸ್ಯೂಮ್‌ಗೆ ಅಂಟಿಸುವವರೂ ಇದ್ದಾರೆ. ಅದರಿಂದ ಏನೂ ತಿಳಿಯುವುದಿಲ್ಲ. ದಿನಾ ಒಂದು ಖಾಲಿ ಸಾಲು ಸೇರಿಸಿದರೂ ಚೌಕ ಹಸಿರಾಗುತ್ತದೆ, ಫೋರ್ಕ್‌ನಲ್ಲೇ ಉಳಿದ ಒಳ್ಳೆಯ ಕಮಿಟ್‌ಗೆ ಆಗುವುದಿಲ್ಲ.

ನಾಲ್ಕು ಜನರ ರೆಪೊದಲ್ಲಿ ನಿಮ್ಮ ಪಾಲು

ಅವಳ ಕೊನೆ ವರ್ಷದ ಪ್ರಾಜೆಕ್ಟ್ ಕಬ್ಬಿನ ತೂಕದ ಚೀಟಿ ಲೆಕ್ಕ. ಕಾರ್ಖಾನೆಗೆ ಕಬ್ಬು ಹಾಕಿದ ರೈತ ಪ್ರತಿ ಟ್ರ್ಯಾಕ್ಟರ್ ಲೋಡಿನ ಚೀಟಿಯನ್ನು ಆ್ಯಪ್‌ನಲ್ಲಿ ಸೇರಿಸುತ್ತಾನೆ, ಒಟ್ಟು ಟನ್ ಮತ್ತು ಬಂದ ಬಿಲ್ ಎರಡನ್ನೂ ಅದು ತಾಳೆ ನೋಡಿ ವ್ಯತ್ಯಾಸ ಇದ್ದರೆ ತೋರಿಸುತ್ತದೆ. ನಮ್ಮ ಕಡೆಯ ಸಮಸ್ಯೆ, ನಮ್ಮ ಕಡೆಯ ಹುಡುಗರೇ ಹಿಡಿದದ್ದು, ನನಗೆ ತುಂಬಾ ಇಷ್ಟವಾಗುವ ಬಗೆಯ ಪ್ರಾಜೆಕ್ಟ್. ಫೋಟೊದಿಂದ ಹಾಜರಿ ಹಾಕುವ ಅದೇ ಹಳೆಯ ಪ್ರಾಜೆಕ್ಟ್‌ಗಳ ರಾಶಿಯಲ್ಲಿ ಇದು ಎದ್ದು ಕಾಣುತ್ತದೆ.

ಆದರೆ ರೆಪೊ ತೆರೆದರೆ ಕಮಿಟ್‌ಗಳೆಲ್ಲ ಒಬ್ಬ ಗೆಳೆಯನ ಹೆಸರಿನಲ್ಲಿವೆ. ಕಾರಣ ಸಾಮಾನ್ಯವಾದದ್ದೇ: ಎಲ್ಲರೂ ಕೂತು ಬರೆದರು, ಕಮಿಟ್ ಮಾಡಿದ್ದು ಒಂದೇ ಲ್ಯಾಪ್‌ಟಾಪಿನಿಂದ. ನಿಮ್ಮ ರೆಪೊದಲ್ಲೂ ಹೀಗಾಗಿದೆಯಾ ಅಂತ ನೋಡಲು ರೆಪೊ ಒಳಗೆ ಈ ಆದೇಶ ಓಡಿಸಿ:

```
git shortlog -sne --all
```

ಪ್ರತಿ ಹೆಸರು, ಅದರ ಇಮೇಲ್, ಎದುರಿಗೆ ಕಮಿಟ್ ಸಂಖ್ಯೆ ಬರುತ್ತದೆ. ಇಲ್ಲಿ ಎರಡು ಬೇರೆ ಬೇರೆ ತೊಂದರೆ ಕಾಣಬಹುದು. ಹೆಸರು ನಿಮ್ಮದೇ ಇದ್ದು ಇಮೇಲ್ ಮಾತ್ರ ಬೇರೆ ಇದ್ದರೆ, ಅಂದರೆ ಲ್ಯಾಬಿನ ಕಂಪ್ಯೂಟರ್‌ನಲ್ಲಿ ನಿಮ್ಮ ಕಾಲೇಜಿನ ಇಮೇಲ್ ಹಾಕಿ ಗಿಟ್‌ಹಬ್ ಖಾತೆಗೆ ಜಿಮೇಲ್ ಕೊಟ್ಟಿದ್ದರೆ, ಪರಿಹಾರ ಸುಲಭ. ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ ಆ ಇಮೇಲನ್ನೂ ನಿಮ್ಮ ಖಾತೆಗೆ ಸೇರಿಸಿ ದೃಢೀಕರಿಸಿ, ಹಳೆಯ ಕಮಿಟ್‌ಗಳೂ ನಿಮ್ಮ ಪ್ರೊಫೈಲ್‌ಗೆ ಜೋಡಣೆಯಾಗುತ್ತವೆ. ಕಾಲೇಜು ಮುಗಿದ ಮೇಲೆ ಆ ಇಮೇಲ್ ಬಂದ್ ಆಗಬಹುದು, ಅದಕ್ಕೆ ಮುಂಚೆಯೇ ಮಾಡಿಕೊಳ್ಳಿ.

ಇಮೇಲ್ ಗೆಳೆಯನದ್ದೇ ಆಗಿದ್ದರೆ ಅದನ್ನು ಬದಲಿಸುವ ಗೋಜಿಗೆ ಹೋಗಬೇಡಿ. ಇತಿಹಾಸ ತಿರುಚಿ ಬರೆದರೆ ಎಲ್ಲರ ಪ್ರತಿಗಳೂ ಒಂದಕ್ಕೊಂದು ಹೊಂದದೆ ಹೋಗುತ್ತವೆ, ನೋಡುವವರಿಗೂ ಅನುಮಾನ ಬರುತ್ತದೆ. ನಾಲ್ಕೂ ಜನ ಒಪ್ಪಿ README ಕಡತದಲ್ಲಿ ಯಾರು ಯಾವ ಭಾಗ ಮಾಡಿದರು, ಆ ಕೋಡ್ ಯಾವ ಫೋಲ್ಡರ್‌ನಲ್ಲಿದೆ ಅಂತ ನಾಲ್ಕು ಸಾಲು ಬರೆಯಿರಿ. ಇನ್ನು ಮುಂದೆ ಒಂದೇ ಲ್ಯಾಪ್‌ಟಾಪಿನಲ್ಲಿ ಕೂತು ಬರೆದರೆ ಕಮಿಟ್ ಸಂದೇಶದ ಕೊನೆಯಲ್ಲಿ `Co-authored-by:` ಸಾಲು ಹಾಕಿ, ಗಿಟ್‌ಹಬ್ ಇಬ್ಬರ ಹೆಸರನ್ನೂ ತೋರಿಸುತ್ತದೆ.

ರೆಸ್ಯೂಮ್‌ನಲ್ಲೂ ಅದೇ ಮಾತು ಬರಬೇಕು: "ಕಬ್ಬಿನ ಚೀಟಿ ಲೆಕ್ಕ, ನಾಲ್ವರ ತಂಡ. ಚೀಟಿ ಮತ್ತು ಬಿಲ್ ತಾಳೆ ನೋಡುವ ಭಾಗ, ಡೇಟಾಬೇಸ್ ವಿನ್ಯಾಸ ನನ್ನದು." ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ "ಇದ್ರಾಗ ನೀವು ಬರ್ದಿದ್ದು ಯಾವ ಭಾಗ ರೀ?" ಅಂತ ಇರುತ್ತದೆ. ಉತ್ತರ ಕಾಗದದ ಮೇಲೆ ಮೊದಲೇ ಇದ್ದರೆ ಮಾತು ನೇರವಾಗಿ ಕೆಲಸದ ಒಳಗೆ ಹೋಗುತ್ತದೆ. ಒಂದೇ ದಿನಾಂಕದ ಎರಡು ಲೋಡಿನಲ್ಲಿ ಒಂದರ ಚೀಟಿ ಕಳೆದಿದ್ದರೆ ನಿಮ್ಮ ತಾಳೆ ಹೇಗೆ ನಡೆಯುತ್ತದೆ ಅಂತ ಕೇಳುತ್ತಾರೆ. ಬರೆದವರಿಗೆ ಅದಕ್ಕೆ ಉತ್ತರ ಇರುತ್ತದೆ.

ರೆಪೊವನ್ನು ತೋರಿಸುವ ಮುಂಚೆ ಒಂದು ಸಲ ಒಳಗೆ ಕಣ್ಣಾಡಿಸಿ. `.env` ಕಡತದಲ್ಲಿ ಪಾಸ್‌ವರ್ಡ್ ಅಥವಾ ಕೀ ಹೋಗಿಬಿಟ್ಟಿದ್ದರೆ ಕಡತ ಅಳಿಸಿದರೆ ಸಾಲದು, ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಉಳಿದಿರುತ್ತದೆ. ಆ ಕೀಯನ್ನೇ ರದ್ದು ಮಾಡಿ ಹೊಸದು ತೆಗೆದುಕೊಳ್ಳಿ. ಇನ್ನೊಂದು ವಿಷಯ, ನಿಮ್ಮ ಸ್ವಂತ ರೆಪೊವನ್ನು "ಓಪನ್ ಸೋರ್ಸ್ ಪ್ರಾಜೆಕ್ಟ್" ಅಂತ ಕರೆಯುವುದಾದರೆ ಅದರಲ್ಲಿ `LICENSE` ಕಡತ ಇರಬೇಕು. ಅದಿಲ್ಲದಿದ್ದರೆ ಕೋಡ್ ಎಲ್ಲರಿಗೂ ಕಾಣುತ್ತದೆ, ಆದರೆ ಬಳಸುವ ಹಕ್ಕು ಯಾರಿಗೂ ಸಿಕ್ಕಿರುವುದಿಲ್ಲ. ತಂಡದ ಕೋಡ್ ಆದರೆ ನಾಲ್ವರನ್ನೂ ಕೇಳಿ ಹಾಕಿ.

ಹ್ಯಾಕಥಾನ್: ಯಾವ ಹಂತ, ಯಾವ ಫಲಿತಾಂಶ

ಅವಳು ಬರೆದಿದ್ದು "ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ 2024" ಅಂತ ಅಷ್ಟೇ. ಇದನ್ನು ಓದಿದವರಿಗೆ ಏನು ಅರ್ಥವಾಗಬೇಕು? 2017ರಿಂದ ನಡೆಯುತ್ತಿರುವ ಈ ಸ್ಪರ್ಧೆಯಲ್ಲಿ ಆರು ಜನರ ತಂಡ ಮೊದಲು ತನ್ನ ಕಾಲೇಜಿನ ಒಳಗಿನ ಹ್ಯಾಕಥಾನ್ ಗೆಲ್ಲಬೇಕು, ಆಮೇಲೆ ಕಾಲೇಜು ಹೆಸರು ಕಳಿಸುತ್ತದೆ, ಬಂದ ಐಡಿಯಾಗಳನ್ನು ಜರಡಿ ಹಿಡಿದು ಕೆಲವು ತಂಡಗಳನ್ನು ಕೊನೆಯ ಸುತ್ತಿಗೆ ಕರೆಯುತ್ತಾರೆ. ಸಾಫ್ಟ್‌ವೇರ್ ವಿಭಾಗದಲ್ಲಿ ಆ ಕೊನೆಯ ಸುತ್ತು 36 ಗಂಟೆ ನಡೆಯುತ್ತದೆ. ಮೊದಲ ಮೆಟ್ಟಿಲಲ್ಲಿ ನಿಂತವರೂ ಕೊನೆಯ ಸುತ್ತು ಗೆದ್ದವರೂ ಒಂದೇ ಸಾಲು ಬರೆದರೆ, ಗೆದ್ದವರಿಗೆ ನಷ್ಟ, ಮೊದಲ ಮೆಟ್ಟಿಲಿನವರ ಮೇಲೆ ಅನುಮಾನ.

ನಮ್ಮ ಹುಡುಗಿಯ ತಂಡ ಕಾಲೇಜು ಹಂತದಲ್ಲಿ ಆಯ್ಕೆಯಾಯಿತು, ಮುಂದಿನ ಸುತ್ತಿಗೆ ಹೋಗಲಿಲ್ಲ. ಹಾಗೇ ಬರೆಯಲಿ: "ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ 2024, ಕಾಲೇಜು ಹಂತದಲ್ಲಿ ಆಯ್ಕೆ." ತಂಡಗಳ ಸಂಖ್ಯೆ ಖಚಿತವಾಗಿ ಗೊತ್ತಿದ್ದರೆ ಅದನ್ನೂ ಸೇರಿಸಲಿ. "ಮೊದಲ ಹತ್ತರಲ್ಲಿ" ಅನ್ನುವ ಮಾತಿಗೆ ಒಟ್ಟು ಎಷ್ಟು ತಂಡ ಅನ್ನುವುದು ಇಲ್ಲದೆ ಬೆಲೆಯೇ ಇಲ್ಲ, ಹನ್ನೆರಡು ತಂಡ ಬಂದಿದ್ದರೆ?

ಇದಕ್ಕಿಂತ ದೊಡ್ಡ ತೊಂದರೆ ಮುಂದಿನ ಸಾಲಿನಲ್ಲಿತ್ತು: "ದ್ರಾಕ್ಷಿ ಎಲೆಯ ಫೋಟೊದಿಂದ ರೋಗ ಗುರುತಿಸುವ ಆ್ಯಪ್, 98% ನಿಖರತೆ." ಈ ಅಂಕಿ ಎಲ್ಲಿಂದ ಬಂತು ಅಂತ ಹಿಡಿದುಕೊಂಡು ಹೋಗೋಣ. ಇಂಥ ಹ್ಯಾಕಥಾನ್ ಆ್ಯಪ್‌ಗಳಲ್ಲಿ ಹೆಚ್ಚಿನವು ಪ್ಲಾಂಟ್‌ವಿಲೇಜ್ ಅನ್ನುವ ಉಚಿತ ಚಿತ್ರಸಂಗ್ರಹವನ್ನು ಬಳಸುತ್ತವೆ, ಅವಳ ತಂಡವೂ ಅದನ್ನೇ ಬಳಸಿತ್ತು. ಅದರಲ್ಲಿ ಎಲೆಗಳನ್ನು ಕಿತ್ತು ಒಂದೇ ಬಣ್ಣದ ಹಿನ್ನೆಲೆಯ ಮೇಲೆ ಇಟ್ಟು ಫೋಟೊ ತೆಗೆದಿದ್ದಾರೆ. 2016ರಲ್ಲಿ ಇದೇ ಚಿತ್ರಗಳ ಮೇಲೆ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅದೇ ಸಂಗ್ರಹದಿಂದ ಪರೀಕ್ಷೆಗೆಂದು ತೆಗೆದಿಟ್ಟ ಚಿತ್ರಗಳಲ್ಲಿ ನಿಖರತೆ 99.35% ಬಂತು. ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದು ಸುಮಾರು 31%ಕ್ಕೆ ಇಳಿಯಿತು. ವಿಜಯಪುರದ ತೋಟದಲ್ಲಿ ನೆರಳು, ಧೂಳು, ಔಷಧಿಯ ಕಲೆ ಎಲ್ಲ ಇರುವ ಎಲೆಯ ಮುಂದೆ ಫೋನ್ ಹಿಡಿದರೆ 98% ನಿಲ್ಲುತ್ತದೆ ಅಂತ ಹೇಳಲು ಯಾವ ಆಧಾರವೂ ಇಲ್ಲ.

ಇನ್ನೂ ಒಂದು ಇದೆ. ಆ ಸಂಗ್ರಹದ ದ್ರಾಕ್ಷಿ ಭಾಗದಲ್ಲಿ ಇರುವುದು ಮೂರು ರೋಗ ಮತ್ತು ಆರೋಗ್ಯವಂತ ಎಲೆ: ಕಪ್ಪು ಕೊಳೆ, ಎಸ್ಕಾ, ಎಲೆ ಅಂಗಮಾರಿ. ನಮ್ಮ ಬೆಳೆಗಾರರು ಔಷಧಿ ಹೊಡೆದು ಹೊಡೆದು ಸುಸ್ತಾಗುವುದು ಡೌನಿ ಮತ್ತು ಬೂದಿ ರೋಗಕ್ಕೆ. ಆ ಎರಡೂ ಅದರಲ್ಲಿ ಇಲ್ಲ. ಸಂದರ್ಶನ ಮಾಡುವವರ ಮನೆಯಲ್ಲಿ ತಿಕೋಟಾ ಕಡೆ ಒಂದೆರಡು ಎಕರೆ ದ್ರಾಕ್ಷಿ ಇದ್ದರೆ ಮೊದಲ ನಿಮಿಷಕ್ಕೇ ಇದನ್ನು ಕೇಳುತ್ತಾರೆ.

ಹಾಗಂತ ಆ ಕೆಲಸ ತೆಗೆದುಹಾಕಬೇಕಿಲ್ಲ. ಸಾಲು ಬದಲಾದರೆ ಸಾಕು: "ಪ್ಲಾಂಟ್‌ವಿಲೇಜ್ ಚಿತ್ರಗಳ ಮೇಲೆ ತರಬೇತಿ, ಅದೇ ಸಂಗ್ರಹದ ಪರೀಕ್ಷಾ ಚಿತ್ರಗಳಲ್ಲಿ 98%. ತೋಟದ ಚಿತ್ರಗಳ ಮೇಲೆ ಪರೀಕ್ಷಿಸಿಲ್ಲ. ಫೋನಿನಿಂದ ಚಿತ್ರ ಕಳಿಸಿ ಉತ್ತರ ಪಡೆಯುವ ಸರ್ವರ್ ಭಾಗ ನನ್ನದು." ಈಗ ಅಂಕಿ ಕಡಿಮೆಯಾಗಲಿಲ್ಲ, ಯಾವುದರ ಅಂಕಿ ಅಂತ ಗೊತ್ತಾಯಿತು. ಮಿತಿ ತಿಳಿದವರು ಬರೆದ ಸಾಲು ಅಂತ ಓದಿದ ಕೂಡಲೇ ತಿಳಿಯುತ್ತದೆ. ಸಮಯ ಇದ್ದರೆ ಒಂದು ಭಾನುವಾರ ತೋಟಕ್ಕೆ ಹೋಗಿ ಐವತ್ತು ಫೋಟೊ ತೆಗೆದು, ಯಾವುದು ಯಾವ ರೋಗ ಅಂತ ಬೆಳೆಗಾರರಿಂದ ಬರೆಸಿಕೊಂಡು ಮಾಡೆಲ್‌ಗೆ ಕೊಟ್ಟು ನೋಡಿ. ಬಂದ ಅಂಕಿ ಎಷ್ಟೇ ಕೆಟ್ಟದಿದ್ದರೂ README ಕಡತದಲ್ಲಿ ಹಾಕಿ. ಸಂದರ್ಶನದಲ್ಲಿ ಅರ್ಧ ಗಂಟೆ ಮಾತಾಡಲು ಅದೊಂದೇ ಸಾಕಾಗುತ್ತದೆ.

ಡೆಮೊದಲ್ಲಿ ಯಾವುದು ನಿಜವಾಗಿ ಓಡುತ್ತಿತ್ತು, ಯಾವುದನ್ನು ಮೊದಲೇ ಬರೆದಿಟ್ಟು ತೋರಿಸಿದಿರಿ ಅನ್ನುವುದನ್ನೂ README ಕಡತದಲ್ಲಿ ಹೇಳಿಬಿಡಿ. ಒಂದೆರಡು ದಿನದಲ್ಲಿ ಲಾಗಿನ್ ಪುಟ ಮಾಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಹೇಳದೆ ಬಿಟ್ಟು ಅವರೇ ಕಂಡುಹಿಡಿದರೆ ಮಾತ್ರ ಉಳಿದ ಸಾಲುಗಳ ಮೇಲೂ ನಂಬಿಕೆ ಹೋಗುತ್ತದೆ.

ಕಳಿಸುವ ಮುಂಚೆ

ದೊಡ್ಡ ಕಂಪನಿಗಳ ಕ್ಯಾಂಪಸ್ ಡ್ರೈವ್‌ನಲ್ಲಿ ಮೊದಲ ಸುತ್ತಿನಲ್ಲಿ ಅಂಕ ಮತ್ತು ಆ್ಯಪ್ಟಿಟ್ಯೂಡ್ ಪರೀಕ್ಷೆಯಲ್ಲೇ ಸೋಸುತ್ತಾರೆ, ನಿಮ್ಮ ಲಿಂಕ್ ಅಲ್ಲಿ ಯಾರೂ ತೆರೆಯದೆ ಇರಬಹುದು. ಲಿಂಕ್ ಕೆಲಸ ಮಾಡುವುದು ಆಮೇಲಿನ ತಾಂತ್ರಿಕ ಸುತ್ತಿನಲ್ಲಿ, ಮತ್ತು ಚಿಕ್ಕ ಕಂಪನಿಗಳಲ್ಲಿ. ಅಲ್ಲಿ ರೆಸ್ಯೂಮ್ ಓದುವವರೇ ಕೋಡ್ ಬರೆಯುವವರಾಗಿರುತ್ತಾರೆ.

ಹಾಗಾಗಿ ಪ್ರತಿ ಲಿಂಕನ್ನೂ ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ರೆಪೊ ಪ್ರೈವೇಟ್ ಆಗಿದ್ದರೆ ಲಾಗಿನ್ ಆಗಿರುವ ನಿಮಗೆ ಚೆನ್ನಾಗಿ ಕಾಣುತ್ತದೆ, ಬೇರೆಯವರಿಗೆ 404 ಬರುತ್ತದೆ. ಉಚಿತ ಸರ್ವರ್‌ನಲ್ಲಿ ಇಟ್ಟ ಡೆಮೊ ಇನ್ನೂ ಬದುಕಿದೆಯಾ ಅಂತಲೂ ನೋಡಿ. ಹೆರೋಕು ತನ್ನ ಉಚಿತ ಸೇವೆಯನ್ನು 2022ರ ನವೆಂಬರ್‌ನಲ್ಲೇ ನಿಲ್ಲಿಸಿತು. ರೆಂಡರ್‌ನ ಉಚಿತ ಸರ್ವರ್ 15 ನಿಮಿಷ ಯಾರೂ ಬಾರದಿದ್ದರೆ ಮಲಗಿಬಿಡುತ್ತದೆ, ಎಬ್ಬಿಸಲು ಒಂದು ನಿಮಿಷದಷ್ಟು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಡೆಮೊದ ಬದಲು README ಕಡತದಲ್ಲಿ ಎರಡು ಸ್ಕ್ರೀನ್‌ಶಾಟ್ ಹಾಕಿದರೆ ಅದು ಯಾವಾಗಲೂ ತೆರೆಯುತ್ತದೆ.

ಪ್ರೊಫೈಲ್‌ನಲ್ಲಿ ಆರು ರೆಪೊ ಪಿನ್ ಮಾಡಬಹುದು. ಆರನ್ನೂ ತುಂಬಿಸಬೇಕೆಂದೇನಿಲ್ಲ, ರೆಸ್ಯೂಮ್‌ನಲ್ಲಿ ಹೆಸರಿಸಿದವುಗಳನ್ನೇ ಪಿನ್ ಮಾಡಿ. ಕೊನೆಗೆ ಪಿಡಿಎಫ್ ಮಾಡಿದ ಮೇಲೆ ಅದರ ಅಕ್ಷರಗಳು ಸರಿಯಾದ ಕ್ರಮದಲ್ಲಿ ಹೊರಗೆ ಬರುತ್ತವೆಯಾ ಅಂತ ಪರೀಕ್ಷಿಸಿ, ಎರಡು ಕಾಲಮ್ ಇರುವ ಚೆಂದದ ಟೆಂಪ್ಲೇಟ್‌ಗಳಲ್ಲಿ ಎಡದ ಸಾಲು ಬಲದ ಸಾಲಿನೊಳಗೆ ಸೇರಿಕೊಂಡುಬಿಡಬಹುದು:

```
pdftotext resume.pdf -
```

ರೆಸ್ಯೂಮ್ ಕಾಗದದ ಮೇಲೆ ಅಚ್ಚಾಗಿ ಹೋಗುವ ಕಡೆಗಳೂ ಇನ್ನೂ ಇವೆ. ಅದಕ್ಕೆ "ಇಲ್ಲಿ ನೋಡಿ" ಅನ್ನುವ ಮಾತಿನ ಹಿಂದೆ ಲಿಂಕ್ ಅಡಗಿಸದೆ, ರೆಪೊದ ಹೆಸರು ಮತ್ತು ಪುಲ್ ರಿಕ್ವೆಸ್ಟ್ ಸಂಖ್ಯೆಯನ್ನು ಕಣ್ಣಿಗೆ ಕಾಣುವಂತೆ ಬರೆಯಿರಿ, ಕಾಗದ ಕೈಯಲ್ಲಿ ಹಿಡಿದವರು ಟೈಪ್ ಮಾಡಿಯಾದರೂ ಅಲ್ಲಿಗೆ ಹೋಗಬಹುದು.